ಅತ್ತೆಯ ವಾಟ್ಸಾಪ್ ಚಾಟ್ ಅಳಿಸುವ ಮೊದಲು ಎಕ್ಸ್‌ಪೋರ್ಟ್ ಮಾಡಿದೆ, ಅರ್ಧ ಮಾತೇ ಇಲ್ಲ. ಏನೇನು ಬಿಟ್ಟುಹೋಗುತ್ತದೆ?

ವೀಣಾ ಶಿರಸಿ

ನನ್ನ ಸೋದರತ್ತೆ ತೀರಿಕೊಂಡು ಎಂಟು ತಿಂಗಳಾಯಿತು. ಅವರ ಜೊತೆ 2018ರ ಫೆಬ್ರವರಿಯಿಂದ ವಾಟ್ಸಾಪ್‌ನಲ್ಲಿ ಮಾತಾಡುತ್ತಾ ಬಂದಿದ್ದೆ. ಅವರಿಗೆ ಕನ್ನಡ ಟೈಪ್ ಮಾಡುವುದು ಕಷ್ಟ. ಒಂದೆರಡು ಪದ ಒತ್ತುವರು, ಉಳಿದದ್ದೆಲ್ಲ ವಾಯ್ಸ್ ಮೆಸೇಜ್. ಅಪ್ಪೆಮಿಡಿ ಉಪ್ಪಿನಕಾಯಿಯಿಂದ ಹಿಡಿದು ಮಗುವಿಗೆ ಶೀತವಾದಾಗ ಏನು ಕೊಡಬೇಕು ಅನ್ನುವವರೆಗೆ ಎಲ್ಲ ಅದರಲ್ಲೇ ಇದೆ.

ಈ ಚಾಟ್ ಅನ್ನು ಫೋನಿನಿಂದ ತೆಗೆಯಬೇಕು ಅಂತ ತೀರ್ಮಾನ ಮಾಡಿದ್ದೇನೆ. ಫೋನ್ ತುಂಬಿದೆ, ಅದು ಒಂದು ಕಾರಣ. ಇನ್ನೊಂದು ಕಾರಣ, ಅದು ಅಲ್ಲಿರುವಷ್ಟು ದಿನ ನಾನು ರಾತ್ರಿ ಹೊತ್ತು ಅದನ್ನೇ ತೆರೆದು ಕೂರುತ್ತೇನೆ. ಹಾಗಂತ ಕಳೆದುಕೊಳ್ಳಲೂ ಆಗದು. ಒಂದು ಫೈಲ್ ಮಾಡಿ ಬೇರೆ ಕಡೆ ಇಟ್ಟುಕೊಳ್ಳೋಣ ಅಂತ ನಿನ್ನೆ ಚಾಟ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, `More`, ಆಮೇಲೆ `Export chat` ಒತ್ತಿದೆ. `Without media` ಆರಿಸಿ ನನಗೇ ಮೇಲ್ ಕಳಿಸಿಕೊಂಡೆ. ತೆರೆದು ನೋಡಿದರೆ ಹೀಗಿದೆ:

```
28/03/21, 6:52 am - ಸರೋಜತ್ತೆ: <Media omitted>
28/03/21, 6:54 am - ಸರೋಜತ್ತೆ: <Media omitted>
28/03/21, 7:10 am - ವೀಣಾ: ಎಷ್ಟು ಅತ್ತೆ?
28/03/21, 7:12 am - ವೀಣಾ: ಮತ್ತೆ ಸಾಸಿವೆ ಯಾವಾಗ ಹಾಕೋದು
28/03/21, 7:31 am - ಸರೋಜತ್ತೆ: ಎರಡು
```

ಇದು ಮಿಡಿ ಉಪ್ಪಿನಕಾಯಿ ಹಾಕಿದ ದಿನದ ಮಾತು. ಎರಡು ಅಂದರೆ ಏನು? ಎರಡು ಸೇರು ಉಪ್ಪೋ, ಎರಡು ವಾರವೋ, ಎರಡು ದಿನ ಆದ ಮೇಲೆ ಸಾಸಿವೆಯೋ? ಫೈಲ್ ಓದಿದರೆ ನನಗೇ ಗೊತ್ತಾಗಲಿಲ್ಲ. ಇನ್ನೂ ಏನೇನು ಬಿಟ್ಟುಹೋಗಿದೆ ಅಂತ ತಿಳಿದವರು ಹೇಳಿ. ಅಳಿಸಿದ ಮೇಲೆ ಗೊತ್ತಾದರೆ ಏನೂ ಮಾಡಲಾಗದು ಅಲ್ವಾ?

ಪದ್ಮಕ್ಕ

ವೀಣಾ, ಅಳಿಸುವುದು ಯಾಕಮ್ಮ? ಚಾಟ್ ಮೇಲೆ ಒತ್ತಿ ಹಿಡಿದರೆ ಮೇಲೆ ಬಾಣದ ಗುರುತಿನ ಪೆಟ್ಟಿಗೆ ಬರುತ್ತದೆ. ಅದನ್ನು ಒತ್ತಿದರೆ ಆರ್ಕೈವ್‌ಗೆ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬೇಕಾದಾಗ ಸಿಗುತ್ತದೆ. ನಮ್ಮ ಯಜಮಾನರದ್ದು ನಾನು ಹಾಗೇ ಇಟ್ಟಿದ್ದೇನೆ.

ವೀಣಾ ಶಿರಸಿ

ಪದ್ಮಕ್ಕ, ಅದನ್ನೂ ಮಾಡಿ ನೋಡಿದೆ. ಎರಡೇ ದಿನಕ್ಕೆ ನಾನೇ ಆರ್ಕೈವ್ ಒಳಗೆ ಹೋಗಿ ತೆರೆಯಲು ಶುರು ಮಾಡಿದೆ. ಜಾಗವೂ ಖಾಲಿ ಆಗಲಿಲ್ಲ.

ಕಿರಣ್ ಎಚ್. ಎನ್.

ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಗೂಗಲ್ ಡ್ರೈವ್‌ಗೆ ಬ್ಯಾಕಪ್ ಆಗ್ತಾ ಇರುತ್ತೆ. ಅದರಲ್ಲಿ ವಾಯ್ಸ್, ಫೋಟೋ, ರಿಪ್ಲೈ ಎಲ್ಲ ಇರುತ್ತೆ. ಆರಾಮಾಗಿ ಅಳಿಸಿ, ಯಾವಾಗ ಬೇಕೋ ಆಗ ವಾಟ್ಸಾಪ್ ಮತ್ತೆ ಹಾಕಿಕೊಂಡು ರಿಸ್ಟೋರ್ ಕೊಡಿ. ಎಕ್ಸ್‌ಪೋರ್ಟ್ ಫೈಲ್ ಸುಮ್ನೆ ಓದೋಕೆ ಮಾತ್ರ. ಅದನ್ನು ವಾಪಸ್ ವಾಟ್ಸಾಪ್ ಒಳಗೆ ಹಾಕೋಕೆ ಆಗಲ್ಲ.

ಚನ್ನಪಟ್ಟಣದ ಮೇಷ್ಟ್ರು

ಕಿರಣ್ ಹೇಳಿದ್ದರಲ್ಲಿ ಕೊನೆಯ ಮಾತು ಸರಿ. ಬ್ಯಾಕಪ್‌ನಲ್ಲಿ ರಿಪ್ಲೈ, ಧ್ವನಿ ಎಲ್ಲ ಇರುತ್ತದೆ ಅನ್ನುವುದೂ ಸರಿ. ಆದರೆ "ಆರಾಮಾಗಿ ಅಳಿಸಿ" ಅನ್ನುವುದನ್ನು ದಯವಿಟ್ಟು ಮಾಡಬೇಡಿ. ಡ್ರೈವ್‌ನಲ್ಲಿ ಹಳೆಯ ಬ್ಯಾಕಪ್‌ಗಳ ಸಾಲು ಇರುವುದಿಲ್ಲ. ಕೊನೆಯದು ಒಂದೇ ಇರುತ್ತದೆ. ನೀವು ಇವತ್ತು ಚಾಟ್ ಅಳಿಸಿದಿರಿ ಅನ್ನಿ, ರಾತ್ರಿ ಹೊಸ ಬ್ಯಾಕಪ್ ಆಗುತ್ತದೆ. ಅದರಲ್ಲಿ ಅತ್ತೆ ಇರುವುದಿಲ್ಲ. ನಿನ್ನೆಯದರ ಜಾಗದಲ್ಲಿ ಅದು ಕೂತಿರುತ್ತದೆ. ಫೋನಿನ ಒಳಗೆ ಏಳು ದಿನದಷ್ಟು ಹಳೆಯ ಪ್ರತಿಗಳು ಉಳಿದಿರುತ್ತವೆ, ಆಮೇಲೆ ಅವೂ ಹೋಗುತ್ತವೆ. ಆ ಏಳು ದಿನ ಕೈತಪ್ಪಿಗೆ ಸಿಗುವ ಅವಕಾಶ ಅಷ್ಟೇ.

ವೀಣಾ ಅವರೇ, ಮೊದಲು `Include media` ಆರಿಸಿ ಇನ್ನೊಂದು ಎಕ್ಸ್‌ಪೋರ್ಟ್ ಮಾಡಿ. ಮೇಲ್‌ಗೆ ಕಳಿಸಬೇಡಿ. ಜಿಮೇಲ್‌ನಲ್ಲಿ ಜೊತೆಗೆ ಇಡುವ ಫೈಲ್ 25 ಎಂಬಿ ದಾಟುವಂತಿಲ್ಲ. ನಿಮ್ಮದು ಖಂಡಿತ ದಾಟುತ್ತದೆ. ನೇರ ಡ್ರೈವ್‌ಗೆ ಅಥವಾ ಫೋನಿನ ಫೋಲ್ಡರಿಗೆ ಉಳಿಸಿ, ಆಮೇಲೆ ಕಂಪ್ಯೂಟರಿಗೆ ಹಾಕಿಕೊಳ್ಳಿ. ಆಗ ನೀವು ತೋರಿಸಿದ ಸಾಲು ಹೀಗೆ ಬರುತ್ತದೆ:

```
28/03/21, 6:52 am - ಸರೋಜತ್ತೆ: PTT-20210328-WA0003.opus (file attached)
```

ಆ ಹೆಸರಿನ ಫೈಲ್ ಜೊತೆಯಲ್ಲೇ ಇರುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿದರೆ ಅತ್ತೆಯ ಧ್ವನಿ ಕೇಳುತ್ತದೆ.

"ಎರಡು" ಏನು ಅನ್ನುವುದು ಆಗಲೂ ಫೈಲಿನಿಂದ ತಿಳಿಯುವುದಿಲ್ಲ. ನಿಮಗೆ ಹೆಚ್ಚು ನೋವು ಕೊಡುವ ಜಾಗ ಇದೇ ಅಂತ ನನಗೆ ಅನಿಸುತ್ತದೆ. ನಾವು ಒಂದು ಮೆಸೇಜನ್ನು ಬಲಕ್ಕೆ ಎಳೆದು ಅದಕ್ಕೇ ಉತ್ತರ ಕೊಡುತ್ತೇವಲ್ಲ, ಆ ಕೊಂಡಿ ಎಕ್ಸ್‌ಪೋರ್ಟ್‌ನಲ್ಲಿ ಬರುವುದೇ ಇಲ್ಲ. ಪರದೆಯ ಮೇಲೆ ಮೇಲೊಂದು ಬೂದು ಪೆಟ್ಟಿಗೆ, ಕೆಳಗೆ ಉತ್ತರ ಅಂತ ಕಾಣುತ್ತದೆ. ಫೈಲಿನಲ್ಲಿ ಉತ್ತರ ಮಾತ್ರ ಇರುತ್ತದೆ. ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಅತ್ತೆ ಒಂದನ್ನು ಹಿಡಿದು "ಎರಡು" ಅಂದಿದ್ದಾರೆ. ಯಾವುದನ್ನು ಅಂತ ಈಗ ಫೋನಿನಲ್ಲಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ.

ಮೆಸೇಜಿಗೆ ಅಂಟಿಸಿದ ಹೃದಯ, ಕೈಮುಗಿದ ಗುರುತು, ಅವೂ ಬರುವುದಿಲ್ಲ. ಟೈಪ್ ಮಾಡಲಾಗದವರು ಜಾಸ್ತಿ ಉತ್ತರ ಕೊಡುವುದೇ ಅದರಲ್ಲಿ. ನೀವು "ಊರಿಗೆ ಬರ್ತೀನಿ" ಅಂತ ಬರೆದಿರುತ್ತೀರಿ, ಅವರು ಒಂದು ಗುರುತು ಅಂಟಿಸಿರುತ್ತಾರೆ. ಫೈಲ್ ಓದಿದವರಿಗೆ ಅವರು ಉತ್ತರವನ್ನೇ ಕೊಡಲಿಲ್ಲ ಅನ್ನಿಸುತ್ತದೆ.

ವೀಣಾ ಶಿರಸಿ

ನೋಡಿದೆ ಮೇಷ್ಟ್ರೇ. ಅತ್ತೆ ನನ್ನ "ಎಷ್ಟು ಅತ್ತೆ?" ಅನ್ನುವುದಕ್ಕೇ ಉತ್ತರ ಕೊಟ್ಟಿದ್ದರು. ನನ್ನ ಆ ಪ್ರಶ್ನೆ ಅವರ ಎರಡನೇ ವಾಯ್ಸ್ ಮೆಸೇಜಿಗೆ ಕೊಟ್ಟ ರಿಪ್ಲೈ. ಅದರಲ್ಲಿ ಅವರು "ಮಿಡಿ ಉಪ್ಪಿನಲ್ಲಿ ಚಿರುಟಿಕೊಳ್ಳುವ ತನಕ ಬಿಡು" ಅಂದಿದ್ದಾರೆ. ಎರಡು ಅಂದರೆ ಎರಡು ವಾರ. ಉಪ್ಪಿನ ಲೆಕ್ಕ ಮೊದಲನೇ ಮೆಸೇಜಿನಲ್ಲಿ ಬೇರೆಯೇ ಇದೆ. ಫೈಲ್ ನಂಬಿಕೊಂಡು ಎರಡು ಸೇರು ಉಪ್ಪು ಅಂತ ತಿಳಿದಿದ್ದರೆ ಇಡೀ ಭರಣಿ ಹಾಳಾಗುತ್ತಿತ್ತು.

ಕೈಮುಗಿದ ಗುರುತಿನ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ಅತ್ತೆ ನಾನು ಕಳಿಸಿದ ಮಗುವಿನ ಪ್ರತಿ ಫೋಟೋಕ್ಕೂ ಒಂದು ಹೂವು ಅಂಟಿಸುತ್ತಿದ್ದರು. ಅಷ್ಟೂ ಇಲ್ಲ ಅಂದರೆ ಹೇಗೆ?

ಬಸವರಾಜ ಹುಬ್ಬಳ್ಳಿ

ನಂದೂ ಇದೇ ಸಮಸ್ಯೆ ಐತ್ರಿ, ಆದ್ರ ಬ್ಯಾರೆ ಥರ. ಬಾಡಿಗೆ ಮನೆ ಬಿಟ್ಟೆ. ಅಡ್ವಾನ್ಸ್ ವಾಪಸ್ ಕೊಡ್ತೀನಿ ಅಂತ ಮನೆ ಮಾಲಕರು ವಾಟ್ಸಾಪ್‌ನಾಗ ಬರದಾರ, ಈಗ ಇಲ್ಲ ಅಂತಾರ. ಎಕ್ಸ್‌ಪೋರ್ಟ್ ಮಾಡಿ ಪ್ರಿಂಟ್ ತಗದು ಇಟ್ಟೀನಿ. ಈಗ ಚಾಟ್ ಡಿಲೀಟ್ ಮಾಡಬಹುದೇನ್ರಿ? ಆ ಹೆಸರು ನೋಡಿದ್ರ ಸಿಟ್ಟು ಬರ್ತದ.

ಚನ್ನಪಟ್ಟಣದ ಮೇಷ್ಟ್ರು

ಬಸವರಾಜ ಅವರೇ, ಅಳಿಸಬೇಡಿ. ಎಕ್ಸ್‌ಪೋರ್ಟ್ ಫೈಲ್ ಬರೀ ಅಕ್ಷರದ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದು ಯಾರು ಬೇಕಾದರೂ "ಕೊಡ್ತೀನಿ" ಅನ್ನುವುದನ್ನು "ಕೊಡಲ್ಲ" ಅಂತ ತಿದ್ದಬಹುದು. ತಿದ್ದಿದ ಗುರುತೂ ಉಳಿಯುವುದಿಲ್ಲ. ಇನ್ನೊಂದು, ಆ ಫೈಲಿನಲ್ಲಿ ಬರುವುದು ನಿಮ್ಮ ಫೋನಿನಲ್ಲಿ ನೀವು ಇಟ್ಟುಕೊಂಡ ಹೆಸರು. ನಂಬರ್ ಸೇವ್ ಮಾಡಿದ್ದರೆ ಮಾಲೀಕರ ನಂಬರ್ ಅದರಲ್ಲಿ ಎಲ್ಲೂ ಕಾಣುವುದಿಲ್ಲ. ಕೋರ್ಟಿಗೆ ಹೋಗುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಜೊತೆಗೆ ಕೊಡಬೇಕಾಗುತ್ತದೆ. ಹಿಂದೆ ಇದ್ದ 65ಬಿ ಅನ್ನುವುದೇ 2024ರ ಜುಲೈ 1ರಿಂದ ಹೀಗೆ ಬಂದಿದೆ. ಫೋನ್, ಚಾಟ್ ಎರಡನ್ನೂ ಹಾಗೇ ಇಟ್ಟುಕೊಂಡು ವಕೀಲರನ್ನು ನೋಡಿ.

ನಂದಿನಿ, ನ್ಯೂಜೆರ್ಸಿ

ವೀಣಾ, ನನ್ನ ಅನುಭವ ಒಂದು ಹೇಳುತ್ತೇನೆ. ಅಪ್ಪ ಮೈಸೂರಿನಲ್ಲಿದ್ದರು. ದಿನಾ ಬೆಳಿಗ್ಗೆ ಎದ್ದ ಕೂಡಲೇ "ಎದ್ದೆ ಮಗಳೇ" ಅಂತ ಒಂದು ಮೆಸೇಜ್ ಹಾಕುತ್ತಿದ್ದರು. ಅವರು ಹೋದ ಮೇಲೆ ನಾನು ಇಲ್ಲಿಂದಲೇ ಐಫೋನಿನಲ್ಲಿ ಎಕ್ಸ್‌ಪೋರ್ಟ್ ಮಾಡಿದೆ. ಅದರಲ್ಲಿ ಹೆಸರಿನ ಮೇಲೆ ಒತ್ತಿ ಕೆಳಗೆ ಹೋದರೆ `Export Chat` ಸಿಗುತ್ತದೆ. ಫೈಲ್ ತೆರೆದರೆ ಅಪ್ಪ ಎದ್ದದ್ದೆಲ್ಲ ರಾತ್ರಿ ಎಂಟು ಗಂಟೆಗೆ!

```
[3/27/21, 8:10:22 PM] ಅಪ್ಪ: ಎದ್ದೆ ಮಗಳೇ
```

ಇದು ಮೈಸೂರಿನಲ್ಲಿ 28ರ ಬೆಳಿಗ್ಗೆ 5:40. ಬೇಸಿಗೆಯಲ್ಲಿ ನಾವು ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಯಾವ ಊರಿನ ಗಡಿಯಾರ ಅನ್ನುವುದನ್ನು ಫೈಲಿನಲ್ಲಿ ಬರೆದಿರುವುದಿಲ್ಲ. ಫೋನ್ ಆ ಹೊತ್ತಿಗೆ ಎಲ್ಲಿದೆಯೋ ಆ ಊರಿನ ಸಮಯಕ್ಕೆ ಏಳೆಂಟು ವರ್ಷದ ಮಾತೆಲ್ಲ ಬದಲಾಗಿ ಬರುತ್ತದೆ. ತಾರೀಕೂ ಒಂದು ದಿನ ಹಿಂದೆ ಹೋಗಿತ್ತು. ನನ್ನ ಫೋನಿನಲ್ಲಿ ತಿಂಗಳು ಮೊದಲು ಬರುವುದರಿಂದ 3/4/21 ಅಂದರೆ ಮಾರ್ಚ್ 4. ಊರಲ್ಲಿ ತಮ್ಮ ಅದನ್ನು ಏಪ್ರಿಲ್ 3 ಅಂತ ಓದಿದ. ಅಪ್ಪನ ಕೊನೆಯ ಮೆಸೇಜ್ ಯಾವತ್ತು ಬಂದದ್ದು ಅಂತ ನಮ್ಮಿಬ್ಬರಿಗೂ ವಾದವೇ ಆಯಿತು.

ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಝೋನ್ ಅನ್ನು ಭಾರತಕ್ಕೆ ಬದಲಿಸಿ ಇನ್ನೊಂದು ಸಲ ಎಕ್ಸ್‌ಪೋರ್ಟ್ ಮಾಡಿದೆ. ಅಪ್ಪ ಮತ್ತೆ 5:40ಕ್ಕೆ ಎದ್ದರು. ಆ ಫೈಲಿನ ಮೊದಲ ಸಾಲಿನಲ್ಲೇ "ಸಮಯ ಭಾರತದ್ದು, ಮೊದಲು ತಿಂಗಳು ಆಮೇಲೆ ದಿನ" ಅಂತ ನಾನೇ ಬರೆದಿಟ್ಟಿದ್ದೇನೆ.

ವೀಣಾ ಶಿರಸಿ

ನಂದಿನಿ, ನಿಮ್ಮ ತಂದೆಯವರ ಮಾತು ಮನಸ್ಸಿಗೆ ತಾಗಿತು. ನಾನು ಎಲ್ಲೂ ಹೋಗಿಲ್ಲ, ಹಾಗಾಗಿ ಸಮಯ ಸರಿ ಇದೆ. ಆದರೂ ಮೊದಲ ಸಾಲಿನಲ್ಲಿ ಬರೆದಿಡುತ್ತೇನೆ.

`Include media` ಕೊಟ್ಟು ಮಾಡಿದೆ. ಈಗ ಹೊಸ ಗೊಂದಲ. ಈ ಫೈಲ್ 2019ರ ನವೆಂಬರಿನಿಂದ ಶುರುವಾಗುತ್ತದೆ. ಅದಕ್ಕೆ ಮೊದಲಿನದು ಏನೂ ಇಲ್ಲ. ಮೊದಲು ಮಾಡಿದ ಫೈಲ್ ಮಾತ್ರ 2018ರಿಂದ ಸರಿಯಾಗಿದೆ. ನಾನೇನಾದರೂ ತಪ್ಪು ಒತ್ತಿದೆನಾ?

ಚನ್ನಪಟ್ಟಣದ ಮೇಷ್ಟ್ರು

ತಪ್ಪು ಒತ್ತಿಲ್ಲ. ಮೀಡಿಯಾ ಸೇರಿಸಿದರೆ ಇತ್ತೀಚಿನ 10,000 ಮೆಸೇಜ್, ಸೇರಿಸದಿದ್ದರೆ 40,000. ವಾಟ್ಸಾಪ್ ಇಟ್ಟಿರುವ ಮಿತಿ ಇದು. ಎಕ್ಸ್‌ಪೋರ್ಟ್ ಅನ್ನು ಮೇಲ್ ಕಳಿಸುವುದಕ್ಕೆ ಅಂತ ಮಾಡಿದ್ದು, ಮೇಲ್ ದೊಡ್ಡದಾಗಬಾರದು ಅಂತ ಈ ಮಿತಿ. ಹೊಸದರಿಂದ ಹಿಂದಕ್ಕೆ ಎಣಿಸುತ್ತದೆ, ಆದ್ದರಿಂದ ತುಂಡಾಗುವುದು ಯಾವಾಗಲೂ ಹಳೆಯ ತುದಿ. ಇಲ್ಲಿ ತುಂಡಾಯಿತು ಅಂತ ಫೈಲಿನಲ್ಲಿ ಎಲ್ಲೂ ಹೇಳುವುದೂ ಇಲ್ಲ.

ಪೂರ್ತಿ ಬಂದಿದೆಯಾ ಅಂತ ಕಂಡುಹಿಡಿಯುವುದು ಸುಲಭ. ಪೂರ್ತಿ ಫೈಲಿನ ಮೊದಲ ಸಾಲಿನಲ್ಲಿ ತಾರೀಕು, ಸಮಯ ಆದ ಮೇಲೆ `Messages and calls are end-to-end encrypted` ಅಂತ ಇರುತ್ತದೆ. ಚಾಟಿನ ತುತ್ತತುದಿಯಲ್ಲಿ ಹಳದಿ ಪಟ್ಟಿಯಲ್ಲಿ ಕಾಣುವುದೂ ಅದೇ. ಅದಿಲ್ಲದೆ ನೇರ ಮಾತಿನ ನಡುವೆ ಶುರುವಾದರೆ ಮೇಲಿನದು ಕಡಿದುಹೋಗಿದೆ ಅಂತ ತಿಳಿಯಿರಿ.

ಈಗ ಇನ್ನೊಂದು ಪರೀಕ್ಷೆ ಮಾಡಿ. ಮೀಡಿಯಾ ಸೇರಿಸಿದ ಎಕ್ಸ್‌ಪೋರ್ಟ್‌ನಲ್ಲಿರುವ .txt ಫೈಲಿನ ಹೆಸರನ್ನು chat.txt ಅಂತ ಬದಲಿಸಿ, ಅದು ಇರುವ ಫೋಲ್ಡರಿನಲ್ಲೇ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಕೊಡಿ:

```
find /c "file attached" chat.txt
find /c "Media omitted" chat.txt
```

ಮೊದಲನೆಯದು ನಿಜವಾಗಿ ಸಿಕ್ಕಿದ ಫೈಲುಗಳ ಲೆಕ್ಕ. ಎರಡನೆಯದು ಸೊನ್ನೆ ಬರಬೇಕು. ಬರದಿದ್ದರೆ ಅಷ್ಟು ಧ್ವನಿ ಅಥವಾ ಫೋಟೋ ನಿಮ್ಮ ಫೋನಿನಲ್ಲೇ ಇಲ್ಲ. ಎಕ್ಸ್‌ಪೋರ್ಟ್ ಹೊಸದಾಗಿ ಏನನ್ನೂ ತರಿಸಿಕೊಡುವುದಿಲ್ಲ. ಫೋನಿನ ಫೋಲ್ಡರಿನಲ್ಲಿ ಇದ್ದರೆ ಕೊಡುತ್ತದೆ.

ವೀಣಾ ಶಿರಸಿ

1,312 ಸಿಕ್ಕಿದೆ. ಎರಡನೆಯದು 47 ಬಂತು. ತಾರೀಕು ನೋಡಿದರೆ 47ರಲ್ಲಿ ಹೆಚ್ಚಿನದು 2020ರ ಏಪ್ರಿಲ್, ಮೇ. ಲಾಕ್‌ಡೌನ್ ದಿನಗಳು. ಅತ್ತೆ ದಿನಕ್ಕೆ ಹತ್ತು ಸಲ ಮಾತಾಡುತ್ತಿದ್ದ ಕಾಲ ಅದು. ಆ ವರ್ಷ ಫೋನ್ ತುಂಬಿತು ಅಂತ ಫೈಲ್ ಮ್ಯಾನೇಜರ್ ತೆರೆದು ಕೆಲವು ಹಳೆಯ ಫೋಲ್ಡರ್ ನಾನೇ ಅಳಿಸಿದ್ದು ಈಗ ನೆನಪಾಗುತ್ತಿದೆ. ಚಾಟಿನಲ್ಲಿ ಪ್ಲೇ ಒತ್ತಿದರೆ ಫೈಲ್ ಇಲ್ಲ, ಕಳಿಸಿದವರಿಗೆ ಮತ್ತೆ ಕಳಿಸಲು ಹೇಳಿ ಅಂತ ಬರುತ್ತದೆ. ಯಾರಿಗೆ ಹೇಳಲಿ?

ಪದ್ಮಕ್ಕ

ಅಯ್ಯೋ ಮಗಾ. ಅತ್ತೆಯ ಫೋನ್ ಎಲ್ಲಿದೆ ಈಗ? ಮನೆಯಲ್ಲೇ ಇದೆಯಾ? ಅವರು ಕಳಿಸಿದ್ದು ಅವರ ಫೋನಿನಲ್ಲಿ ಇರಬೇಕಲ್ಲ?

ಚನ್ನಪಟ್ಟಣದ ಮೇಷ್ಟ್ರು

ಪದ್ಮಕ್ಕ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಕಳಿಸಿದ ವಾಯ್ಸ್ ಮೆಸೇಜಿನ ಒಂದು ಪ್ರತಿ ಕಳಿಸಿದವರ ಫೋನಿನಲ್ಲೂ ಉಳಿದಿರುತ್ತದೆ.

ಆ ಫೋನ್ ಸಿಕ್ಕರೆ ಅದರಲ್ಲಿ ವಾಟ್ಸಾಪ್ ತೆಗೆದು ಮತ್ತೆ ಹಾಕುವ ಕೆಲಸ ಯಾರೂ ಮಾಡಬಾರದು. ಮೊದಲು ಮನೆಯವರಿಗೆ ಇದನ್ನು ಹೇಳಿ. 120 ದಿನ ಬಳಸದ ಖಾತೆಯನ್ನು ವಾಟ್ಸಾಪ್ ಸಾಮಾನ್ಯವಾಗಿ ಅಳಿಸುತ್ತದೆ. ಆದರೆ ಫೋನಿನ ಒಳಗಿನ ಚಾಟ್, ಆ್ಯಪ್ ಇರುವ ತನಕ ಫೋನಿನಲ್ಲೇ ಇರುತ್ತದೆ. ಅತ್ತೆಯ ಸಿಮ್ ಇನ್ನೂ ಚಾಲ್ತಿಯಲ್ಲಿದ್ದರೆ ಒಟಿಪಿ ಬರುತ್ತದೆ, ಅದೇ ಫೋನಿನಲ್ಲಿ ಮತ್ತೆ ನೋಂದಾಯಿಸಿದರೆ ಹಳೆಯ ಮಾತು ಕಾಣುತ್ತದೆ. ಆಗ ಅಲ್ಲಿಂದಲೂ ಒಂದು ಎಕ್ಸ್‌ಪೋರ್ಟ್ ತೆಗೆಯಬಹುದು. ಸಿಮ್ ಹೋಗಿದ್ದರೆ ವಾಟ್ಸಾಪ್ ತೆರೆಯಲು ಆಗದು. ಆದರೂ ಫೈಲ್ ಸಿಗುತ್ತದೆ. ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿ ಈ ಜಾಗಕ್ಕೆ ಹೋಗಿ:

```
Android/media/com.whatsapp/WhatsApp/Media/WhatsApp Voice Notes
```

ಒಳಗೆ ವರ್ಷ ಮತ್ತು ವಾರದ ಸಂಖ್ಯೆ ಸೇರಿದ ಹೆಸರಿನ ಫೋಲ್ಡರುಗಳು ಇರುತ್ತವೆ, 202016, 202017 ಹೀಗೆ. ಫೋನ್ ತುಂಬ ಹಳೆಯದಾದರೆ ಹೊರಗೇ `WhatsApp` ಅನ್ನುವ ಫೋಲ್ಡರ್ ಇರಬಹುದು, ಅದರ ಒಳಗೂ ಇದೇ ಕ್ರಮ. ಇಡೀ `Voice Notes` ಫೋಲ್ಡರ್ ನಕಲು ಮಾಡಿ. ಫೈಲ್ ಹೆಸರಿನಲ್ಲಿ PTT ಆದ ಮೇಲೆ ಬರುವುದು ತಾರೀಕು. ಕೊನೆಯ WA ಸಂಖ್ಯೆ ಎರಡು ಫೋನಿನಲ್ಲಿ ಒಂದೇ ಇರುವುದಿಲ್ಲ, ಅದನ್ನು ಹೊಂದಿಸಲು ಹೋಗಬೇಡಿ. ತಾರೀಕು, ಕ್ರಮ ನೋಡಿ, ಕೇಳಿ ಹೊಂದಿಸಿ. 2019 ನವೆಂಬರಿಗೆ ಮೊದಲಿನ ಧ್ವನಿಗೂ ಇದೇ ದಾರಿ. ಅವು ನಿಮ್ಮ ಫೋನಿನ ಅದೇ ಫೋಲ್ಡರಿನಲ್ಲಿ ಇದ್ದರೂ ಇರಬಹುದು.

ಕಿರಣ್ ಎಚ್. ಎನ್.

ಡ್ರೈವ್ ಬ್ಯಾಕಪ್ ಬಗ್ಗೆ ನನಗೆ ಗೊತ್ತಿರಲಿಲ್ಲ ಸರ್. ಹಳೆಯದೆಲ್ಲ ಇರುತ್ತೆ ಅಂದುಕೊಂಡಿದ್ದೆ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಒಂದು ಪ್ರಶ್ನೆ. ರಿಪ್ಲೈ, ರಿಯಾಕ್ಷನ್ ಎಲ್ಲ ಬ್ಯಾಕಪ್ ಫೈಲಿನಲ್ಲಿ ಇದೆ ಅಂದರೆ ಆ ಫೈಲನ್ನೇ ಬಿಚ್ಚಿ ಓದೋಕೆ ಆಗಲ್ವಾ? ಒಬ್ಬ ಸ್ನೇಹಿತ ಮೊಬೈಲ್ ಅಂಗಡಿಯಲ್ಲಿ ಕೊಟ್ಟು ಮಾಡಿಸಿದ. ಫೋನ್ ಎರಡು ದಿನ ಅವರ ಹತ್ತಿರವೇ ಇತ್ತು.

ಚನ್ನಪಟ್ಟಣದ ಮೇಷ್ಟ್ರು

ಆಗುತ್ತದೆ, ಆದರೆ ಕೀಲಿ ಬೇಕು. ಫೋನಿನ `Databases` ಫೋಲ್ಡರಿನಲ್ಲಿ `msgstore.db.crypt15` ತರಹದ ಫೈಲ್ ಇರುತ್ತದೆ. ಎಲ್ಲ ಮಾತು ಇರುವುದು ಅದರಲ್ಲಿ, ಬೀಗ ಹಾಕಿದ ಸ್ಥಿತಿಯಲ್ಲಿ. ವಾಟ್ಸಾಪ್‌ನ ಚಾಟ್ ಬ್ಯಾಕಪ್ ಸೆಟ್ಟಿಂಗ್ಸ್‌ನಲ್ಲಿ `End-to-end encrypted backup` ಅಂತ ಇದೆ. ಅದನ್ನು ಆನ್ ಮಾಡುವಾಗ ಪಾಸ್‌ವರ್ಡ್ ಬದಲು 64 ಅಂಕೆಯ ಕೀಲಿ ಆರಿಸಿಕೊಂಡು ಬರೆದಿಟ್ಟುಕೊಳ್ಳಿ, ಆಮೇಲೆ ಹೊಸ ಬ್ಯಾಕಪ್ ಮಾಡಿ. ಆ ಫೈಲ್ ಮತ್ತು ಆ ಕೀಲಿ ಎರಡೂ ಇದ್ದರೆ ಕಂಪ್ಯೂಟರಿನಲ್ಲಿ ಬಿಚ್ಚುವ ಉಚಿತ ಉಪಕರಣಗಳಿವೆ. ಯಾವ ಮೆಸೇಜಿಗೆ ಯಾವುದು ಉತ್ತರ ಅನ್ನುವ ಕೊಂಡಿ ಅಲ್ಲಿ ಸಿಗುತ್ತದೆ. ಆದರೆ ಇದು ಪೈಥಾನ್ ಹಾಕಿಕೊಂಡು ಕಮಾಂಡ್ ಕೊಡಬಲ್ಲವರಿಗೆ. ಆ ಕೀಲಿ ಕಳೆದರೆ ವಾಟ್ಸಾಪ್‌ನವರೂ ತೆರೆದು ಕೊಡಲಾರರು.

ಅಂಗಡಿಗೆ ಕೊಡುವುದು ನನಗೆ ಇಷ್ಟವಿಲ್ಲ. ಕೀಲಿ ಕೈಗೆ ಕೊಟ್ಟರೆ ಅತ್ತೆಯ ಮಾತು ಮಾತ್ರ ಅಲ್ಲ, ನಿಮ್ಮ ಫೋನಿನ ಎಲ್ಲ ಚಾಟೂ ಅವರ ಮುಂದೆ ತೆರೆದುಕೊಳ್ಳುತ್ತದೆ.

ವೀಣಾ ಅವರಿಗೆ ನನ್ನ ಸಲಹೆ ಸರಳವಾದದ್ದು. ರಿಪ್ಲೈ, ಹೂವು ಮುಖ್ಯವಾಗಿರುವ ಜಾಗಗಳ ಸ್ಕ್ರೀನ್‌ಶಾಟ್ ತೆಗೆಯಿರಿ. ಅಥವಾ ಸ್ಕ್ರೀನ್ ರೆಕಾರ್ಡ್ ಹಾಕಿ ಚಾಟನ್ನು ಮೇಲಿನಿಂದ ನಿಧಾನವಾಗಿ ಸರಿಸುತ್ತಾ ಬನ್ನಿ. ಹೂವು ಯಾವ ಫೋಟೋ ಮೇಲಿತ್ತು, ಬೂದು ಪೆಟ್ಟಿಗೆಯಲ್ಲಿ ಏನಿತ್ತು, ಎಲ್ಲ ಹಾಗೇ ಕಾಣುತ್ತದೆ. ನೀವು ಕೆಲವನ್ನು ಸ್ಟಾರ್ ಮಾಡಿ ಇಟ್ಟಿದ್ದರೆ ಅಲ್ಲಿಂದಲೇ ಶುರು ಮಾಡಿ, ಯಾಕಂದರೆ ಸ್ಟಾರ್ ಕೂಡ ಎಕ್ಸ್‌ಪೋರ್ಟ್‌ಗೆ ಬರುವುದಿಲ್ಲ.

ನಂದಿನಿ, ನ್ಯೂಜೆರ್ಸಿ

ಅಪ್ಪನ ಪ್ರೊಫೈಲ್ ಫೋಟೋ ನನ್ನ ಎಕ್ಸ್‌ಪೋರ್ಟ್‌ನಲ್ಲಿ ಬರಲಿಲ್ಲ. ಖಾತೆ ಹೋದ ಮೇಲೆ ಚಾಟಿನಲ್ಲೂ ಬರೀ ಬೂದು ಆಕಾರ ಉಳಿಯಿತು. ಅತ್ತೆಯದ್ದು ಇನ್ನೂ ಕಾಣುತ್ತಿದ್ದರೆ ಇವತ್ತೇ ಇನ್ನೊಂದು ಫೋನಿನಿಂದ ಫೋಟೋ ತೆಗೆದುಕೊಳ್ಳಿ ವೀಣಾ.

ಬಸವರಾಜ ಹುಬ್ಬಳ್ಳಿ

ಮೇಷ್ಟ್ರ, ಇನ್ನೊಂದು ಕೇಳ್ತೀನ್ರಿ. ನಮ್ಮ ತಂಗಿ ಒಂದು ಗ್ರೂಪಿಂದ ಎಕ್ಸ್‌ಪೋರ್ಟ್ ಮಾಡಾಕ ಹೋದ್ರ ಬಿಡವಲ್ದು. ನನ್ನ ಫೋನಿನ್ಯಾಗ ಬ್ಯಾರೆ ಚಾಟ್ ಎಲ್ಲಾ ಆಗ್ತಾವ.

ಚನ್ನಪಟ್ಟಣದ ಮೇಷ್ಟ್ರು

ಗ್ರೂಪಿನ ಹೆಸರಿನ ಮೇಲೆ ಒತ್ತಿ `Advanced chat privacy` ಆನ್ ಆಗಿದೆಯಾ ನೋಡಿ. 2025ರಲ್ಲಿ ಬಂದದ್ದು. ಅದು ಆನ್ ಇದ್ದರೆ ಎಕ್ಸ್‌ಪೋರ್ಟ್ ಆಗುವುದಿಲ್ಲ. ಇನ್ನೊಬ್ಬರು ತಮ್ಮ ಮಾತು ಹೊರಗೆ ಹೋಗಬಾರದು ಅಂತ ಹಾಕಿರುತ್ತಾರೆ. ಯಾರು ಹಾಕಿದ್ದಾರೋ ಅವರನ್ನೇ ಕೇಳುವುದು ಒಳ್ಳೆಯದು.

ವೀಣಾ ಶಿರಸಿ

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಭಾನುವಾರ ಮಾವನ ಮನೆಗೆ ಹೋಗಿದ್ದೆ. ಅತ್ತೆಯ ಫೋನ್ ಬೀರುವಿನಲ್ಲಿ, ಅವರ ಸೀರೆಗಳ ನಡುವೆ ಇತ್ತು. ಆರು ತಿಂಗಳಿಂದ ಚಾರ್ಜ್ ಇಲ್ಲ. ಸಿಮ್ ರೀಚಾರ್ಜ್ ಮಾಡಿಸಿರಲಿಲ್ಲ, ನಂಬರ್ ಹೋಗಿದೆ. ಪ್ರೊಫೈಲ್ ಫೋಟೋವೂ ಹೋಗಿದೆ. ನಂದಿನಿ, ನೀವು ಹೇಳುವ ಹೊತ್ತಿಗೇ ತಡವಾಗಿತ್ತು.

ಫೋನ್ ಆನ್ ಆಯಿತು. ಲಾಕ್ ಸಂಖ್ಯೆ ಮಾವನಿಗೆ ಗೊತ್ತಿತ್ತು, ಅವರ ಮದುವೆಯ ವರ್ಷ. ವಾಟ್ಸಾಪ್ ಮುಟ್ಟಲಿಲ್ಲ. ಮೇಷ್ಟ್ರು ಹೇಳಿದ ಜಾಗದಲ್ಲೇ ಫೋಲ್ಡರುಗಳು ಸಿಕ್ಕವು. 2020ರ ಏಪ್ರಿಲ್, ಮೇ ವಾರಗಳೂ ಇದ್ದವು. ಕೇಳಿ ಕೇಳಿ 47ರಲ್ಲಿ 36 ಹೊಂದಿಸಿದ್ದೇನೆ. ಉಳಿದ 11 ಅಲ್ಲೂ ಇಲ್ಲ. ಅವು ಫೋಟೋ ಇರಬಹುದು, ಅಥವಾ ವಿಡಿಯೋ. `<Media omitted>` ಅಂತ ಮಾತ್ರ ಇರುವುದರಿಂದ ಯಾವುದು ಅಂತ ಫೈಲ್ ಹೇಳುವುದಿಲ್ಲ. ಚಾಟಿನಲ್ಲಿ ಆ ಹನ್ನೊಂದು ಜಾಗವನ್ನೂ ಒಂದೊಂದಾಗಿ ನೋಡಬೇಕು.

ಒಂದು ವಿಷಯ ನನಗೆ ತೀರ್ಮಾನ ಮಾಡಲು ಆಗುತ್ತಿಲ್ಲ. ಆ ಫೋಲ್ಡರಿನಲ್ಲಿ ಅತ್ತೆ ಬೇರೆಯವರಿಗೆ ಕಳಿಸಿದ ಮಾತೂ ಇದೆ, ಬೇರೆಯವರು ಅವರಿಗೆ ಕಳಿಸಿದ್ದೂ ಇದೆ. ನನ್ನದು ಹುಡುಕುವಾಗ ಅತ್ತೆ ತಮ್ಮ ಮಗಳಿಗೆ ಹೇಳಿದ ಒಂದು ಮಾತು ಕಿವಿಗೆ ಬಿತ್ತು. ಕೂಡಲೇ ನಿಲ್ಲಿಸಿದೆ. ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ ಮಾವನ ಕೈಗೆ ಕೊಟ್ಟಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಆ 36 ಬಿಟ್ಟು ಉಳಿದದ್ದನ್ನು ಇಟ್ಟುಕೊಳ್ಳುವುದು ಸರಿಯೇ?

ಪದ್ಮಕ್ಕ

ಇಟ್ಟುಕೊಳ್ಳಬೇಡ. ಮಗಳಿಗೆ ಹೇಳಿದ್ದು ಮಗಳಿಗೆ.

ನಂದಿನಿ, ನ್ಯೂಜೆರ್ಸಿ

ನನಗೆ ಬೇರೆ ಥರ ಅನಿಸುತ್ತದೆ. ಮಾವನ ಪೆನ್‌ಡ್ರೈವ್ ನಾಳೆ ಕೆಟ್ಟರೆ? ಧ್ವನಿ ಹಾಕಿ ಕೇಳುವುದು ಬೇಡ, ಇನ್ನೊಂದು ಪ್ರತಿ ಮಾತ್ರ ಯಾರಾದರೂ ಇಟ್ಟುಕೊಂಡಿರಲಿ. ಅತ್ತೆಯ ಮಗಳನ್ನೇ ಒಂದು ಮಾತು ಕೇಳಿ.

ಚನ್ನಪಟ್ಟಣದ ಮೇಷ್ಟ್ರು

ಅದನ್ನು ಮನೆಯವರು ಕೂತು ನಿರ್ಧರಿಸಿ. ನಾನು ಅಳಿಸುವ ಹೊತ್ತಿನ ಬಗ್ಗೆ ಒಂದೇ ಹೇಳುತ್ತೇನೆ. `Delete chat` ಒತ್ತಿದಾಗ ಒಂದು ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಈ ಚಾಟಿನಲ್ಲಿ ಬಂದ ಫೋಟೋ, ವಿಡಿಯೋಗಳನ್ನೂ ಗ್ಯಾಲರಿಯಿಂದ ಅಳಿಸಲೇ ಅಂತ ಒಂದು ಟಿಕ್ ಗುರುತು ಇರುತ್ತದೆ. ಆ ಟಿಕ್ ಇದೆಯಾ ಇಲ್ವಾ ಅಂತ ನೋಡಿಕೊಂಡೇ ಒತ್ತಿ. ಅದಕ್ಕೂ ಮೊದಲು ಎಕ್ಸ್‌ಪೋರ್ಟ್ ಮಾಡಿದ್ದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು, ಮೊದಲನೆಯ, ನಡುವಿನ, ಕೊನೆಯ ಧ್ವನಿ ಹಾಕಿ ಕೇಳಿ. ಒಂದೇ ಫೋನಿನ ಒಳಗಿರುವ ಪ್ರತಿಯನ್ನು ಪ್ರತಿ ಅಂತ ಲೆಕ್ಕ ಹಾಕಬೇಡಿ.

ವೀಣಾ ಶಿರಸಿ

ಕೇಳಿದೆ ಮೇಷ್ಟ್ರೇ, ಮೂರೂ ಚೆನ್ನಾಗಿ ಕೇಳುತ್ತಿವೆ. ಸ್ಕ್ರೀನ್ ರೆಕಾರ್ಡ್ 2023ರ ತನಕ ಬಂದಿದೆ, ದಿನಾ ಸ್ವಲ್ಪ ಸ್ವಲ್ಪ ಮಾಡುತ್ತಿದ್ದೇನೆ. ಹೂವುಗಳು ಅದರಲ್ಲಿ ಬಂದಿವೆ. chat.txt ಅನ್ನು ಇನ್ನೊಂದು ಹೆಸರಿನಲ್ಲಿ ನಕಲು ಮಾಡಿ, ಅತ್ತೆ ಏನು ಹೇಳಿದ್ದಾರೆ ಅಂತ ಪ್ರತಿ ಧ್ವನಿಯ ಕೆಳಗೆ ಒಂದು ಸಾಲು ಬರೆಯಲು ಶುರು ಮಾಡಿದ್ದೇನೆ. "ಎರಡು" ಅನ್ನುವುದರ ಪಕ್ಕದಲ್ಲಿ "ವಾರ" ಅಂತ ಬರೆದೆ.

ಅತ್ತೆಯ ಮಗಳಿಗೆ ನಿನ್ನೆ ಫೋನ್ ಮಾಡಿದೆ. ಯೋಚಿಸಿ ಹೇಳುತ್ತೇನೆ ಅಂದಿದ್ದಾಳೆ. ಅಲ್ಲಿಯ ತನಕ ಚಾಟ್ ಫೋನಿನಲ್ಲೇ ಇರುತ್ತದೆ.